ಅತ್ತರ್ ಕಾಕನ ಅಂಗಡಿಗೆ 50 ವರ್ಷ: ಮೊಮ್ಮಗಳ ಮಾತು

ಎಲ್ಲರಿಗೂ ನಮಸ್ಕಾರ. ಅಸ್ಸಲಾಮು ಅಲೈಕುಂ.

ಏಪ್ರಿಲ್ ಕೊನೆ ಅಂದ್ರೆ ಮದುವೆಗಳ ಕಾಲ. ಇವತ್ತೇ ಎರಡು ಮೂರು ಮನೆಯ ಕರೆ ಇದ್ದವರೂ ಇಲ್ಲಿ ಕೂತಿದ್ದೀರಿ ಅಂತ ನನಗೆ ಗೊತ್ತು. ಮೂರ್ನಾಡಿನಿಂದ, ನಾಪೋಕ್ಲಿನಿಂದ, ಸಿದ್ದಾಪುರದಿಂದ ಬಸ್ಸು ಹಿಡಿದು ಬಂದಿದ್ದೀರಿ. ಮಹದೇವಪೇಟೆಯ ಅಕ್ಕಪಕ್ಕದ ಅಂಗಡಿಯವರು ವ್ಯಾಪಾರದ ಹೊತ್ತಿನಲ್ಲೇ ಬಾಗಿಲು ಹಾಕಿ ಬಂದಿದ್ದೀರಿ. ನಮ್ಮ ಮನೆಯವರೆಲ್ಲರ ಪರವಾಗಿ ಮೊದಲು ನಿಮಗೆ ಸಲಾಂ.

ನಮ್ಮ ಅಂಗಡಿಗೆ ಇವತ್ತಿಗೆ 50 ವರ್ಷ. ಬೋರ್ಡಿನಲ್ಲಿ ಬೇರೆ ಹೆಸರಿದೆ, ಆದರೆ ಆ ಹೆಸರು ಹೇಳಿದರೆ ಆಟೋದವರಿಗೂ ಗೊತ್ತಾಗುವುದಿಲ್ಲ. ‘ಅತ್ತರ್ ಕಾಕನ ಅಂಗಡಿ’ ಅಂದ್ರೆ ನೇರ ಬಾಗಿಲಿಗೇ ತಂದು ಬಿಡುತ್ತಾರೆ. ಆ ಅತ್ತರ್ ಕಾಕ ನಮ್ಮ ಅಜ್ಜ. ನಾವು ಮಕ್ಕಳು ಉಪ್ಪಾಪ ಅಂತ ಕರೆಯುತ್ತಿದ್ದೆವು. ಇವತ್ತು ನಾನು ಮಾತಾಡಬೇಕಾದದ್ದು ಅವರ ಕೈಕೆಲಸದ ಬಗ್ಗೆ. ಅಂಗಡಿಗೆ ವಯಸ್ಸಾಯಿತು ಅನ್ನುವುದಕ್ಕಿಂತ ಆ ಕೆಲಸ ಹೇಗಿತ್ತು ಅನ್ನುವುದು ಮುಖ್ಯ ಅಂತ ನನಗನಿಸುತ್ತದೆ.

ಉಪ್ಪಾಪ ಹುಡುಗನಾಗಿದ್ದಾಗಲೇ ಉತ್ತರ ಪ್ರದೇಶದ ಕನೌಜಿಗೆ ಹೋಗಿದ್ದರು. ಅತ್ತರಿಗೆ ಕನೌಜ್ ದೊಡ್ಡ ಊರು. ಅಲ್ಲಿ ಒಂದು ಭಟ್ಟಿಯಲ್ಲಿ ಒಲೆಗೆ ಸೌದೆ ಹಾಕುವ ಕೆಲಸ ಸಿಕ್ಕಿತು. ತಾಮ್ರದ ದೊಡ್ಡ ಹಂಡೆ, ಅದಕ್ಕೆ ದೇಗ್ ಅನ್ನುತ್ತಾರೆ. ಬಿಸಿಲೇರುವ ಮೊದಲೇ ಕಿತ್ತು ತಂದ ಗುಲಾಬಿ ಎಸಳನ್ನು ನೀರಿನ ಜೊತೆ ಅದರೊಳಗೆ ತುಂಬಬೇಕು. ಮುಚ್ಚಳದ ಸುತ್ತ ಹತ್ತಿ ಬೆರೆಸಿದ ಜೇಡಿಮಣ್ಣು ಮೆತ್ತಬೇಕು, ಹಬೆ ಒಂಚೂರೂ ಹೊರಗೆ ಹೋಗಬಾರದು. ಹಬೆ ಬಿದಿರಿನ ಕೊಳವೆಯಲ್ಲಿ ಇಳಿದು ಪಕ್ಕದ ತೊಟ್ಟಿಯ ನೀರಿನಲ್ಲಿ ಕೂತ ಭಪ್ಕಾ ಅನ್ನುವ ಪಾತ್ರೆಗೆ ಹೋಗುತ್ತದೆ. ಆ ಪಾತ್ರೆಯಲ್ಲಿ ಗಂಧದೆಣ್ಣೆ ಇರುತ್ತದೆ. ಹೂವಿನ ಪರಿಮಳವನ್ನು ಆ ಎಣ್ಣೆ ಹಿಡಿದುಕೊಳ್ಳುತ್ತದೆ. ನೀರನ್ನು ಬೇರೆ ಮಾಡಿ ತೆಗೆದು, ಅದೇ ಎಣ್ಣೆಗೆ ಮತ್ತೆ ಹೊಸ ಹೂವಿನ ಹಬೆ. ಹೀಗೆ ದಿನಗಟ್ಟಲೆ ನಡೆಯುತ್ತದೆ.

ಅಲ್ಲಿ ಥರ್ಮಾಮೀಟರ್ ಇರಲಿಲ್ಲ. ಹಂಡೆಯೊಳಗಿನ ಕುದಿತದ ಸದ್ದು ಕೇಳಿ, ಪಾತ್ರೆಯ ಮೈ ಮುಟ್ಟಿ ನೋಡಿ ಬೆಂಕಿ ಹೆಚ್ಚು ಮಾಡಬೇಕೋ ಕಡಿಮೆ ಮಾಡಬೇಕೋ ಅಂತ ಗೊತ್ತು ಮಾಡಿಕೊಳ್ಳಬೇಕು. ಬೆಂಕಿ ಜಾಸ್ತಿಯಾದರೆ ಹೂ ಸೀಯುತ್ತದೆ, ಪರಿಮಳದಲ್ಲಿ ಸುಟ್ಟ ವಾಸನೆ ಬರುತ್ತದೆ. ಉಪ್ಪಾಪ ಕಲಿತ ಮೊದಲ ಪಾಠ ಅದೇ, ಅವಸರ ಮಾಡಬಾರದು ಅನ್ನುವುದು. ಊರಿಗೆ ವಾಪಸ್ ಬಂದ ಮೇಲೆ ಅವರು ಭಟ್ಟಿ ಹಾಕಲಿಲ್ಲ. ಅಷ್ಟು ಹೂ ಇಲ್ಲಿ ಸಿಗುವುದೂ ಇಲ್ಲ. ಕನೌಜಿನಿಂದ ತರಿಸಿ, ಇಲ್ಲಿ ಕೂತು ಹದವಾಗಿ ಬೆರೆಸಿ ಮಾರುವ ಕೆಲಸ ಹಿಡಿದರು. ಮೊದಲಿಗೆ ಒಂದು ಮರದ ಪೆಟ್ಟಿಗೆ ಅಷ್ಟೇ ಇದ್ದದ್ದು. ಮಡಿಕೇರಿಯ ಶುಕ್ರವಾರದ ಸಂತೆ, ಎಮ್ಮೆಮಾಡು ಉರೂಸ್, ಹೀಗೆ ಪೆಟ್ಟಿಗೆ ಹೊತ್ತು ತಿರುಗಿದರು. ಆಮೇಲೆ ಮಹದೇವಪೇಟೆಯಲ್ಲಿ ಈ ಸಣ್ಣ ಮಳಿಗೆ ಬಾಡಿಗೆಗೆ ಸಿಕ್ಕಿತು.

ಅವರ ಹತ್ತಿರ ಅತ್ತರ್ ಕೊಳ್ಳುವುದು ಸುಲಭ ಇರಲಿಲ್ಲ, ಅಲ್ವಾ? ಇಲ್ಲಿ ಹಿರಿಯರು ನಗುತ್ತಿದ್ದೀರಿ. ಬಂದವರ ಮಣಿಕಟ್ಟಿಗೆ ಗಾಜಿನ ಕಡ್ಡಿಯಿಂದ ಒಂದು ಗೆರೆ ಎಳೆಯುತ್ತಿದ್ದರು. ‘ಉಜ್ಜಬೇಡಿ. ಸಂತೆ ಮುಗಿಸಿ ಬನ್ನಿ, ಆಗಲೂ ಇಷ್ಟ ಆದರೆ ಕೊಡುತ್ತೇನೆ’ ಅನ್ನುತ್ತಿದ್ದರು. ಅದಕ್ಕೆ ಕಾರಣ ಇತ್ತು. ಬಾಟ್ಲಿ ಮುಚ್ಚಳ ತೆಗೆದಾಗ ಬರುವ ಪರಿಮಳ ಒಂದು, ಮೈ ಬಿಸಿಗೆ ಒಂದೆರಡು ಗಂಟೆ ಕೂತ ಮೇಲೆ ಬರುವುದೇ ಇನ್ನೊಂದು. ಒಂದೇ ಅತ್ತರ್ ಇಬ್ಬರ ಮೈಮೇಲೆ ಒಂದೇ ಥರ ಇರುವುದಿಲ್ಲ. ಸಂಜೆಯ ಪರಿಮಳ ಗೊತ್ತಿಲ್ಲದೆ ದುಡ್ಡು ಕೊಡುವುದು ಗಿರಾಕಿಗೆ ನಷ್ಟ ಅಂತ ಅವರ ಲೆಕ್ಕ. ಸಂತೆ ಮುಗಿಸಿ ನೀವು ವಾಪಸ್ ಬಂದಿರಿ. ಅಂಗಡಿ ನಿಂತದ್ದು ಅದರಿಂದಲೇ.

ಕಾಲ ನೋಡಿ ಕೊಡುವುದು ಅವರ ಇನ್ನೊಂದು ಪದ್ಧತಿ. ಬೇಸಿಗೆಯಲ್ಲಿ ಗುಲಾಬಿ, ಲಾವಂಚ, ಕೇದಗೆ. ಜೂನ್ ಮಳೆ ಹಿಡಿದ ಮೇಲೆ ಶಮಾಮಾ, ಊದ್, ಅಂಬರ್. ಶಮಾಮಾ ಅಂದ್ರೆ ಹತ್ತಾರು ಮಸಾಲೆ, ಬೇರು, ನಾರು ಸೇರಿಸಿ ಮಾಡುವ ಬೆಚ್ಚನೆಯ ಅತ್ತರ್. ತಿಂಗಳುಗಟ್ಟಲೆ ಬಟ್ಟೆ ಒಣಗದ ನಮ್ಮ ಊರಿಗೆ ಅದು ಹೇಳಿ ಮಾಡಿಸಿದ್ದು. ಇನ್ನು ಮಿಟ್ಟಿ ಅತ್ತರ್. ಸುಟ್ಟ ಜೇಡಿಮಣ್ಣನ್ನು ಹಂಡೆಗೆ ಹಾಕಿ ಇಳಿಸುವುದು ಅದು, ಥೇಟ್ ಮೊದಲ ಮಳೆಯ ವಾಸನೆ. ಊರಲ್ಲಿ ಇರುವವರು ಯಾರೂ ಅದನ್ನು ಕೇಳುವುದಿಲ್ಲ, ನಮಗೆ ಮಳೆಯೇ ಬೇಕಾದಷ್ಟು ಇದೆ. ಕೇಳುವವರು ದುಬೈಗೆ, ದಮ್ಮಾಮಿಗೆ, ಬೆಂಗಳೂರಿಗೆ ಹೋದ ನಮ್ಮ ಮಕ್ಕಳು. ರಜೆ ಮುಗಿಸಿ ಹೊರಡುವ ಹಿಂದಿನ ದಿನ ಬರುತ್ತಾರೆ. ಆ ಬಾಟ್ಲಿ ಕಟ್ಟುವಾಗ ಉಪ್ಪಾಪ ಎರಡು ಹನಿ ಜಾಸ್ತಿಯೇ ಹಾಕುತ್ತಿದ್ದರು.

ಗಂಧದೆಣ್ಣೆಯ ಬೆಲೆ ಏರುತ್ತಾ ಹೋದಾಗ ಅತ್ತರ್ ವ್ಯಾಪಾರವೇ ಬದಲಾಯಿತು. ಗಂಧದ ಜಾಗಕ್ಕೆ ಬಣ್ಣ, ವಾಸನೆ ಇಲ್ಲದ ಅಗ್ಗದ ಎಣ್ಣೆಗಳು ಬಂದವು. ಮಾರುವವರು ಹೇಳದಿದ್ದರೆ ಕೊಳ್ಳುವವರಿಗೆ ಗೊತ್ತಾಗುವುದು ಕಷ್ಟ. ಉಪ್ಪಾಪ ಆಗ ಅಂಗಡಿಯಲ್ಲಿ ಎರಡು ಸಾಲು ಮಾಡಿದರು. ಮೇಲಿನ ಸಾಲಿನಲ್ಲಿ ಗಂಧದೆಣ್ಣೆಯ ಮೇಲೆ ಇಳಿಸಿದ್ದು, ಕೆಳಗಿನ ಸಾಲಿನಲ್ಲಿ ಬೇರೆ ಎಣ್ಣೆಯದ್ದು. ಪ್ರತಿ ಬಾಟ್ಲಿಯ ಚೀಟಿಯಲ್ಲೂ ಕೈಬರಹದಲ್ಲಿ ಬರೆದಿಟ್ಟರು. ಕೆಳಗಿನ ಸಾಲಿನದನ್ನೂ ಮರ್ಯಾದೆಯಿಂದಲೇ ಮಾರಿದರು. ಕಡಿಮೆ ದುಡ್ಡಿಗೂ ಒಳ್ಳೆ ಪರಿಮಳ ಸಿಗಬೇಕು, ಆದರೆ ಯಾವುದು ಏನು ಅಂತ ಗಿರಾಕಿಗೆ ಗೊತ್ತಿರಬೇಕು. ಆ ಎರಡು ಸಾಲು ಇವತ್ತಿಗೂ ಹಾಗೇ ಇದೆ. ನಾನು ಇರುವ ತನಕ ಇರುತ್ತದೆ.

ಈಗ ಕಾಫಿ ಹೂವಿನ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದರಲ್ಲಿ ನಿಮ್ಮ ಪಾಲೂ ಇದೆ. ಹೂಮಳೆ ಬಿದ್ದು ವಾರ ಕಳೆಯುವಷ್ಟರಲ್ಲಿ ತೋಟವೆಲ್ಲ ಬೆಳ್ಳಗಾಗುತ್ತದೆ. ಎರಡು ಮೂರು ದಿನ ಅಷ್ಟೇ, ಆಮೇಲೆ ಹೂ ಕಂದಿ ಹೋಗುತ್ತದೆ. ಮಲ್ಲಿಗೆಯ ಹತ್ತಿರದ ಪರಿಮಳ, ಆದರೆ ಮಲ್ಲಿಗೆ ಅಲ್ಲ. ಅದರಲ್ಲಿ ಕಿತ್ತಳೆ ಹೂವಿನ ಛಾಯೆಯೂ ಇದೆ. ಅದನ್ನು ಬಾಟ್ಲಿಗೆ ತರಬೇಕು ಅನ್ನುವುದು ಉಪ್ಪಾಪನ ದೊಡ್ಡ ಆಸೆ. ಆದರೆ ಹೂ ಕಿತ್ತರೆ ಕಾಯಿ ಇಲ್ಲ. ಒಂದೊಂದು ಹೂವೂ ಬೆಳೆಗಾರನ ಒಂದೊಂದು ಹಣ್ಣು. ಹಂಡೆ ತುಂಬುವಷ್ಟು ಹೂ ಕೊಡಿ ಅಂತ ಯಾರನ್ನು ಕೇಳುವುದು? ಅವರು ಕೇಳಲೂ ಇಲ್ಲ.

ಬದಲಿಗೆ ತೋಟಕ್ಕೆ ಹೋಗಿ ಕೂರುತ್ತಿದ್ದರು. ಮೂರ್ನಾಡಿನ ಕಡೆಯ ಒಬ್ಬ ಬೆಳೆಗಾರರು ಪ್ರತಿ ವರ್ಷ ತಪ್ಪದೆ ಫೋನ್ ಮಾಡುತ್ತಿದ್ದರು, ‘ಕಾಕಾ, ಹೂ ಬಿಟ್ಟಿದೆ, ಬನ್ನಿ’ ಅಂತ. ಬೆಳಿಗ್ಗೆ ಬೇಗ ಹೋಗಿ ಗಿಡದ ಮಧ್ಯೆ ಕುರ್ಚಿ ಹಾಕಿಸಿಕೊಂಡು ಕೂರುವುದು. ಮಧ್ಯಾಹ್ನಕ್ಕೆ ಅಂಗಡಿಗೆ ಬಂದು, ಮೂಗಿನಲ್ಲಿ ಉಳಿದದ್ದನ್ನು ನೆನಪಿಟ್ಟುಕೊಂಡು, ಮಲ್ಲಿಗೆ, ಕಿತ್ತಳೆ ಹೂವಿನ ಎಣ್ಣೆ, ಗಂಧ ಬೆರೆಸುವುದು. ಒಂದು ಹನಿ ಹೆಚ್ಚು, ಒಂದು ಹನಿ ಕಡಿಮೆ. ಹದ ಸಿಗಲಿಲ್ಲ ಅಂದ್ರೆ ಮುಂದಿನ ವರ್ಷದ ಹೂವಿಗೇ ಕಾಯಬೇಕು. ಹಾಗೆ ಎಷ್ಟೋ ವರ್ಷ ಕಾದು ಮಾಡಿದ್ದು ನಮ್ಮ ‘ಕಾಫಿ ಹೂ’. ಅದರ ಚೀಟಿಯಲ್ಲಿ ಉಪ್ಪಾಪ ಏನು ಬರೆಸಿದ್ದಾರೆ ಅಂತ ನಿಮಗೆ ಗೊತ್ತು: ‘ಇದರಲ್ಲಿ ಕಾಫಿ ಹೂ ಇಲ್ಲ.’ ಮಡಿಕೇರಿಗೆ ಬರುವ ಪ್ರವಾಸಿಗರಿಗೆ ಆ ಸಾಲು ಬಿಟ್ಟು ಮಾರಿದರೆ ವ್ಯಾಪಾರ ಜಾಸ್ತಿ ಆಗುತ್ತಿತ್ತು. ಅವರು ಬಿಡಲಿಲ್ಲ. ಆ ಸಾಲು ಓದಿದ ಮೇಲೂ ನೀವು ಕೊಂಡಿರಿ. ಫೋನ್ ಮಾಡುತ್ತಿದ್ದ ಆ ಮನೆಯವರು ಇವತ್ತು ಮುಂದಿನ ಸಾಲಿನಲ್ಲೇ ಇದ್ದಾರೆ. ಈ ವರ್ಷವೂ ಫೋನ್ ಬಂತು, ನಾನು ಹೋಗಿ ಕೂತು ಬಂದೆ. ನಿಮ್ಮ ಋಣ ನಮ್ಮ ಮೇಲಿದೆ.

ಅಂಗಡಿಯ ಬಾಗಿಲು ರಾತ್ರಿ ತಟ್ಟುವವರೂ ಇದ್ದರು. ಯಾರದೋ ಮನೆಯಲ್ಲಿ ಸಾವು, ಕಫನಿಗೆ ಅತ್ತರ್, ಕರ್ಪೂರ ಬೇಕು. ಉಪ್ಪಾಪ ಎದ್ದು ಬಂದು ಕೊಡುತ್ತಿದ್ದರು. ಅದಕ್ಕೆ ಒಂದು ದಿನವೂ ದುಡ್ಡು ತೆಗೆದುಕೊಂಡವರಲ್ಲ. ಅವರು ಹೋದ ರಾತ್ರಿ ಅದೇ ಕಪಾಟಿನಿಂದ ನನ್ನ ಅಪ್ಪ, ನಾವು ಉಪ್ಪ ಅಂತ ಕರೆಯುವವರು, ತೆಗೆದುಕೊಟ್ಟರು. ಆ ಪದ್ಧತಿ ಹಾಗೇ ನಡೆಯುತ್ತದೆ. ಯಾರೂ ಸಂಕೋಚ ಮಾಡಬೇಡಿ, ಯಾವ ಹೊತ್ತಿಗಾದರೂ ಬನ್ನಿ.

ನಮಗೆ ಕಷ್ಟದ ಕಾಲವೂ ಬಂತು. 2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದಾಗ ಮದುವೆ ಇಲ್ಲ, ಸಂತೆ ಇಲ್ಲ, ಎಷ್ಟೋ ಜನರಿಗೆ ಮನೆಯೇ ಇಲ್ಲ. ಅತ್ತರ್ ಯಾರಿಗೆ ಬೇಕು? ಆದರೂ ನೀವು ಬಂದು ಒಂದೊಂದು ಸಣ್ಣ ಬಾಟ್ಲಿ ತೆಗೆದುಕೊಂಡಿರಿ. ಅದು ಅತ್ತರಿಗಾಗಿ ಅಲ್ಲ, ನಮಗಾಗಿ ಅಂತ ನಮಗೆ ಗೊತ್ತಾಗುತ್ತಿತ್ತು. ಕೋವಿಡ್ ಬಂದು ಹೋದ ಮೇಲೆ ಇನ್ನೊಂದು ಥರದ ಗಿರಾಕಿಗಳು ಬಂದರು, ‘ಮೂಗಿಗೆ ಏನೂ ವಾಸನೆ ಬರುತ್ತಿಲ್ಲ’ ಅನ್ನುವವರು. ದಿನಕ್ಕೆ ಎರಡು ಸಲ ಗುಲಾಬಿ, ಲವಂಗ, ನಿಂಬೆ, ನೀಲಗಿರಿ ಎಣ್ಣೆ ಮೂಸಿ ಅಭ್ಯಾಸ ಮಾಡಿ ಅಂತ ಡಾಕ್ಟರ್ ಹೇಳಿದ್ದರಂತೆ. ಉಪ್ಪ ನಾಲ್ಕು ಬಾಟ್ಲಿ ಮೇಜಿನ ಮೇಲೆ ಇಟ್ಟುಬಿಟ್ಟರು. ಒಬ್ಬ ಟೀಚರ್ ತಿಂಗಳುಗಟ್ಟಲೆ ಬಂದು ಹೋದರು. ಒಂದು ದಿನ ಲವಂಗದ ಬಾಟ್ಲಿ ಹಿಡಿದು ಅಳಲು ಶುರು ಮಾಡಿದರು, ವಾಸನೆ ಸಿಕ್ಕಿತ್ತು. ಉಪ್ಪಾಪ ಇದ್ದು ಅದನ್ನು ನೋಡಬೇಕಿತ್ತು.

ಇನ್ನು ಕೆಲವರಿಗೆ ನಾನು ಬೇರೆಯಾಗಿಯೇ ಸಲಾಂ ಹೇಳಬೇಕು. ಕುಪ್ಯ ಚೇಲೆ ಇಡುವ ಪೆಟ್ಟಿಗೆಗೆ ಅಂತ ಪ್ರತಿ ಕೈಲ್‌ಪೊಳ್ದಿಗೆ ಮೊದಲು ಲಾವಂಚದ ಎಣ್ಣೆ ಒಯ್ಯುವ ಅಜ್ಜಿಯವರಿಗೆ. ಮಗನ ಮೊದಲ ಸಂಬಳದಲ್ಲಿ ಅವನ ಕೈಯಿಂದಲೇ ಮೇಲಿನ ಸಾಲಿನ ಗುಲಾಬಿ ಕೊಡಿಸಿಕೊಂಡ ಆಟೋ ಅಣ್ಣನಿಗೆ. ತೋಟದ ಕೆಲಸ ಮುಗಿಸಿ ಭಾನುವಾರ ಬಂದು ಎರಡು ರೂಪಾಯಿಯ ಅತ್ತರ್ ಹಚ್ಚಿದ ಹತ್ತಿ ಬತ್ತಿ ಕೇಳುತ್ತಿದ್ದ ಅಕ್ಕಂದಿರಿಗೆ. ಆ ಬತ್ತಿ ಮಾರಿಯೇ ಮೊದಲ ಹತ್ತು ವರ್ಷ ಬಾಡಿಗೆ ಕಟ್ಟಿದ್ದು ಅಂತ ಉಪ್ಪಾಪ ಹೇಳುತ್ತಿದ್ದರು. ಅಂಗಡಿಯಲ್ಲಿ 30 ವರ್ಷ ಜೊತೆಗಿದ್ದು, ಮೂಸಿಯೇ ಬಾಟ್ಲಿ ಹೇಳುವ ನಮ್ಮ ಕುಂಞಿಕ್ಕನಿಗೆ.

ನಮ್ಮ ಅಜ್ಜಿ, ನಮ್ಮ ಉಮ್ಮಾಮ, ಇಲ್ಲೇ ಕೂತಿದ್ದಾರೆ. ಉಪ್ಪಾಪನ ಬೆರಕೆಯ ಪುಸ್ತಕ ಅರಬಿ ಮಲಯಾಳದಲ್ಲಿದೆ. ಉಮ್ಮಾಮನನ್ನು ಬಿಟ್ಟರೆ ನಮಗ್ಯಾರಿಗೂ ಓದಲು ಬರುವುದಿಲ್ಲ. ಉಮ್ಮಾಮ ದಿನಾ ಸಂಜೆ ಒಂದೊಂದು ಪುಟ ಓದಿ ಹೇಳುತ್ತಾರೆ, ನಾನು ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದೇನೆ. ಅರ್ಧ ಆಗಿದೆ. ಕೆಲವು ಕಡೆ ಅಳತೆ ಇಲ್ಲ, ‘ಮೂಗು ಹೇಳುವಷ್ಟು’ ಅಂತ ಮಾತ್ರ ಇದೆ. ಅಲ್ಲಿ ಮಾತ್ರ ಕುಂಞಿಕ್ಕನೇ ಗತಿ.

ಹೊರಡುವ ಮೊದಲು ಬಾಗಿಲ ಹತ್ತಿರದ ಮೇಜಿನಲ್ಲಿ ಕೈ ಚಾಚಿ, ಈ ವರ್ಷದ ‘ಕಾಫಿ ಹೂ’ ಹಚ್ಚಿಸಿಕೊಳ್ಳಿ. ಹೇಗಿದೆ ಅಂತ ಈಗಲೇ ಹೇಳಬೇಡಿ, ಸಂಜೆ ಫೋನ್ ಮಾಡಿ. ಹಳೆಯ ಬಾಟ್ಲಿ ತಂದವರು ನಾಳೆ ಅಂಗಡಿಗೆ ಬನ್ನಿ, ತುಂಬಿಸಿ ಕೊಡುತ್ತೇವೆ. ಹೊರಗೆ ತುಪ್ಪದ ಅನ್ನ, ಕೋಳಿ ಸಾರು ತಯಾರಿದೆ. ಸಸ್ಯಾಹಾರದವರಿಗೆ ಎಡಗಡೆ ಬೇರೆ ಅಡುಗೆ, ಬೇರೆ ಬಡಿಸುವವರು. ಹಿರಿಯರು ಮೊದಲು ಏಳಿ, ಎಲ್ಲರೂ ಊಟ ಮಾಡಿಕೊಂಡೇ ಹೋಗಬೇಕು.