ಬರಿಗಣ್ಣ ಬಾನು: ಚಾನೆಲ್ ಪರಿಚಯ, ಇಪ್ಪತ್ತು ಸೆಕೆಂಡು

ಎಲ್ಲಿ ಬಳಸುವುದು: ಚಾನೆಲ್ ಮುಖಪುಟದ ಟ್ರೈಲರ್, ಅಡ್ಡ ಚೌಕಟ್ಟು, 16:9
ವಿಷಯ: ಯಾವ ಉಪಕರಣವೂ ಇಲ್ಲದೆ ರಾತ್ರಿಯ ಆಕಾಶವನ್ನು ಗುರುತಿಸುವುದು
ಚಿತ್ರೀಕರಣ: ಜನವರಿ ಮೊದಲ ವಾರ, ಮಹಡಿ ಮೇಲೆ. ಮುಖದ ಶಾಟ್‌ಗಳು ಸೂರ್ಯ ಮುಳುಗಿದ ಅರ್ಧ ಗಂಟೆಯೊಳಗೆ. ಆಕಾಶದ ಶಾಟ್‌ಗಳು ಪೂರ್ತಿ ಕತ್ತಲಾದ ಮೇಲೆ.

0:00 ರಿಂದ 0:07

ಚಿತ್ರ: ಕತ್ತಲ ಆಕಾಶ, ಎರಡು ಚುಕ್ಕಿ. ಒಂದು ಮಿನುಗುತ್ತಿದೆ, ಇನ್ನೊಂದು ಸ್ಥಿರವಾಗಿದೆ. ಮುಖ ಇನ್ನೂ ಕಾಣುವುದಿಲ್ಲ, ದನಿ ಮಾತ್ರ.

ಮಾತು: "ಇವತ್ತು ರಾತ್ರಿ ತಲೆ ಎತ್ತಿ ನೋಡಿ. ಚುಕ್ಕಿ ಮಿನುಗುತ್ತಿದ್ದರೆ ಅದು ಬಹುಶಃ ನಕ್ಷತ್ರ. ಮಿನುಗದೆ ಸುಮ್ಮನೆ ಹೊಳೆಯುತ್ತಿದ್ದರೆ, ಬಹುಶಃ ಗ್ರಹ."

ಪರದೆ ಮೇಲೆ: ಮೊದಲ ಚುಕ್ಕಿಯ ಪಕ್ಕ "ನಕ್ಷತ್ರ", ಎರಡನೆಯದರ ಪಕ್ಕ "ಗ್ರಹ". ಸಣ್ಣ ಅಕ್ಷರ, ಬಾಣದ ಗುರುತು ಬೇಡ.

0:07 ರಿಂದ 0:12

ಚಿತ್ರ: ನನ್ನ ಮುಖ, ಎದೆಮಟ್ಟದ ಶಾಟ್. ಹಿಂದೆ ಗಾಢ ನೀಲಿ ಆಕಾಶ. ಮೇಲೆ ನೋಡುತ್ತಿರುವವಳು ಕ್ಯಾಮೆರಾ ಕಡೆ ತಿರುಗುತ್ತೇನೆ.

ಮಾತು: "ನೋಡಿ, ಟೆಲಿಸ್ಕೋಪ್ ಬೇಕಾಗಲಿಲ್ಲ. ಇದು ಬರಿಗಣ್ಣ ಬಾನು. ಇಲ್ಲಿ ಕಣ್ಣಿಗೆ ಕಾಣುವ ಆಕಾಶ ಮಾತ್ರ."

ಪರದೆ ಮೇಲೆ: ಚಾನೆಲ್ ಹೆಸರು. ಅದರ ಕೆಳಗೆ ಒಂದು ಸಾಲು: "ಜಾತಕ ಅಲ್ಲ, ಆಕಾಶ."

0:12 ರಿಂದ 0:16

ಚಿತ್ರ: ಕೈಯಲ್ಲಿದ್ದ ಫೋನ್ ಜೇಬಿಗೆ ಹೋಗುತ್ತದೆ. ಬೆರಳು ಆಕಾಶದ ಕಡೆ ಏಳುತ್ತದೆ. ಒಂದೇ ಶಾಟ್, ಕತ್ತರಿಸಬೇಡ.

ಮಾತು: "ಐದು ನಿಮಿಷದ ವಿಡಿಯೊ, ಒಂದೇ ಗುರುತು. ನೋಡಿ ಹೊರಗೆ ಹೋದರೆ ನೀವೇ ಹುಡುಕುತ್ತೀರಿ."

0:16 ರಿಂದ 0:20

ಚಿತ್ರ: ಮತ್ತೆ ಆಕಾಶ. ಮಹಾವ್ಯಾಧ ನಕ್ಷತ್ರಪುಂಜ, ನಡುವೆ ಸಾಲಾಗಿ ಮೂರು ಚುಕ್ಕಿ.

ಮಾತು: "ಪ್ರತಿ ಶುಕ್ರವಾರ ಸಂಜೆ ಆರಕ್ಕೆ, ಕತ್ತಲಾಗುವ ಮೊದಲು. ಬನ್ನಿ."

ಪರದೆ ಮೇಲೆ: "ಶುಕ್ರವಾರ, ಸಂಜೆ 6". ಕೊನೆಯ ಒಂದು ಸೆಕೆಂಡು ಮಾತಿಲ್ಲ.

ಕ್ಯಾಮೆರಾ ಮತ್ತು ಎಡಿಟ್ ನೋಡಿಕೊಳ್ಳುವ ನಿನಗೆ

ಮೊದಲ ಏಳು ಸೆಕೆಂಡಿನಲ್ಲಿ ನನ್ನ ಹೆಸರಿಲ್ಲ, ನಮಸ್ಕಾರ ಇಲ್ಲ, ಸ್ವಾಗತ ಇಲ್ಲ. ಬೇಕೆಂದೇ ಬಿಟ್ಟಿದ್ದೇನೆ. ಚಾನೆಲ್‌ಗೆ ಬಂದವರಿಗೆ ನಾನು ಯಾರೆಂದು ಗೊತ್ತಿಲ್ಲ, ಗೊತ್ತಾಗಬೇಕಾದ ಅಗತ್ಯವೂ ಇನ್ನೂ ಇಲ್ಲ. ಅವರ ಕೈಗೆ ಮೊದಲು ಒಂದು ವಿಷಯ ಸಿಗಲಿ. ಈ ಟ್ರೈಲರ್ ಮಾತ್ರ ನೋಡಿ ಹೊರಟು ಹೋದವರೂ ಅವತ್ತು ರಾತ್ರಿ ಒಂದು ಗ್ರಹವನ್ನು ಗುರುತಿಸಬಹುದು. ಚಾನೆಲ್ ಕೊಡುವ ಮಾತನ್ನು ಟ್ರೈಲರ್ರೇ ನಡೆಸಿಕೊಟ್ಟ ಹಾಗೆ, ಅಲ್ವಾ?

"ಬಹುಶಃ" ಎಂಬ ಪದವನ್ನು ಸಮಯ ಉಳಿಸಲು ತೆಗೆಯಬೇಡ. ನಕ್ಷತ್ರಗಳು ತುಂಬಾ ದೂರ ಇರುವುದರಿಂದ ನಮಗೆ ಬರೀ ಬಿಂದುವಾಗಿ ಕಾಣುತ್ತವೆ. ಆ ಬಿಂದುವಿನ ಬೆಳಕು ಅಲುಗಾಡುವ ಗಾಳಿಯ ಪದರಗಳನ್ನು ದಾಟಿ ಬರುವಾಗ ನಡುಗುತ್ತದೆ. ಗ್ರಹಗಳು ಹತ್ತಿರ. ಕಣ್ಣಿಗೆ ಬಿಂದುವಿನಂತೆ ಕಂಡರೂ ಅವು ನಿಜಕ್ಕೂ ಪುಟ್ಟ ಬಿಲ್ಲೆಗಳು. ಬಿಲ್ಲೆಯ ಬೇರೆ ಬೇರೆ ಭಾಗದ ಬೆಳಕು ಬೇರೆ ಬೇರೆಯಾಗಿ ನಡುಗಿ ಒಂದನ್ನೊಂದು ಸರಿದೂಗಿಸುತ್ತದೆ. ಹಾಗಾಗಿ ಒಟ್ಟಾರೆ ಹೊಳಪು ಸ್ಥಿರ. ಆದರೆ ಗ್ರಹ ದಿಗಂತದ ಹತ್ತಿರ ಇದ್ದರೆ ಬೆಳಕು ಜಾಸ್ತಿ ಗಾಳಿಯನ್ನು ದಾಟಬೇಕು, ಆಗ ಅದೂ ಮಿನುಗುತ್ತದೆ. ಇದನ್ನೆಲ್ಲ ಇಪ್ಪತ್ತು ಸೆಕೆಂಡಿನಲ್ಲಿ ಹೇಳಲಾಗುವುದಿಲ್ಲ. "ಬಹುಶಃ" ಒಂದೇ ಸಾಕು. ಅದನ್ನು ತೆಗೆದರೆ ನಾವು ಮೊದಲ ದಿನವೇ ಸುಳ್ಳು ಹೇಳಿದ ಹಾಗೆ.

ಆಕಾಶದ ಶಾಟ್ ಬಗ್ಗೆ ನನಗೆ ಒಂದು ಹಟ ಇದೆ. ದೀರ್ಘ ಎಕ್ಸ್‌ಪೋಷರ್‌ನಲ್ಲಿ ತೆಗೆದ, ಕ್ಷೀರಪಥ ಬಣ್ಣಬಣ್ಣವಾಗಿ ಉಕ್ಕುವ ಚಿತ್ರಗಳು ಬೇಡ. ಬಾಹ್ಯಾಕಾಶ ಟೆಲಿಸ್ಕೋಪ್ ತೆಗೆದ ನೀಹಾರಿಕೆಗಳೂ ಬೇಡ. ಅವು ಚೆನ್ನಾಗಿವೆ, ನನಗೂ ಇಷ್ಟ. ಆದರೆ ಅವನ್ನು ನೋಡಿ ಹೊರಗೆ ಬಂದವರಿಗೆ ನಿಜವಾದ ಆಕಾಶ ಸಪ್ಪೆ ಅನ್ನಿಸುತ್ತದೆ. ಕಣ್ಣು ಹತ್ತು ಸೆಕೆಂಡು ಬೆಳಕನ್ನು ಕೂಡಿಡುವುದಿಲ್ಲ, ಕ್ಯಾಮೆರಾ ಕೂಡಿಡುತ್ತದೆ. ಮೊದಲ ಶಾಟ್‌ನಲ್ಲಿ ಮಿನುಗುವುದು ಕಾಣಬೇಕಾದ್ದರಿಂದ ಅದು ವಿಡಿಯೊ ಆಗಿಯೇ ಇರಬೇಕು. ಫೋನನ್ನು ಸ್ಟ್ಯಾಂಡ್‌ಗೆ ಕಟ್ಟಿ, ಫೋಕಸ್ ಅನಂತಕ್ಕೆ ಇಟ್ಟು ಲಾಕ್ ಮಾಡು. ಎಡಿಟ್‌ನಲ್ಲಿ ಹೊಳಪನ್ನು ಕಣ್ಣಿಗೆ ಕಂಡಷ್ಟಕ್ಕೆ ತಂದು ನಿಲ್ಲಿಸು. ಚುಕ್ಕಿ ಕಡಿಮೆ ಕಂಡರೆ ಕಡಿಮೆಯೇ ಇರಲಿ.

"ಜಾತಕ ಅಲ್ಲ, ಆಕಾಶ" ಎಂಬ ಸಾಲು ಬಾಯಲ್ಲಿ ಬರುವುದಿಲ್ಲ, ಪರದೆಯಲ್ಲಿ ಮಾತ್ರ. ರೋಹಿಣಿ, ಕೃತ್ತಿಕೆ, ಚಿತ್ತಾ, ಸ್ವಾತಿ ಎಂಬ ಹೆಸರುಗಳನ್ನು ನಾವು ವಾರ ವಾರವೂ ಹೇಳುತ್ತೇವೆ. ಕೇಳಿದವರು ನಾವು ಫಲ ಹೇಳುತ್ತೇವೆ ಎಂದುಕೊಂಡು ಬಂದು ನಿರಾಸೆಯಿಂದ ಹೋಗಬಾರದು. ಯಾರನ್ನೂ ಆಡಿಕೊಳ್ಳುವ ಉದ್ದೇಶ ಇಲ್ಲ. ಅಕ್ಷರ ಮೃದುವಾಗಿರಲಿ, ಕೆಂಪು ಬಣ್ಣ ಬೇಡ.

ಇಡೀ ಸ್ಕ್ರಿಪ್ಟಿನ ಗಟ್ಟಿ ಸಾಲು "ನೀವೇ ಹುಡುಕುತ್ತೀರಿ". ಅದನ್ನು ನಿಧಾನವಾಗಿ, ದನಿ ಏರಿಸದೆ ಹೇಳುತ್ತೇನೆ. ಅದಾದ ಮೇಲೆ ಅರ್ಧ ಸೆಕೆಂಡು ಬಿಡು. ಸಂಗೀತ ಆ ಜಾಗದಲ್ಲಿ ಏಳಬಾರದು. ನಿಜ ಹೇಳಬೇಕೆಂದರೆ ಸಂಗೀತವೇ ಬೇಡ ಅನ್ನಿಸುತ್ತಿದೆ, ರಾತ್ರಿಯ ಸಹಜ ಸದ್ದು ಸಾಕು. ಗಾಳಿ ಮೈಕಿಗೆ ಬಡಿಯದಂತೆ ಮಾತ್ರ ನೋಡಿಕೋ.

ಶುಕ್ರವಾರವೇ ಯಾಕೆ, ವಾರಕ್ಕೊಂದೇ ಯಾಕೆ ಎಂದು ಕೇಳಿದೆಯಲ್ಲ. ನಕ್ಷತ್ರಗಳು ದಿನಕ್ಕೆ ಸುಮಾರು ನಾಲ್ಕು ನಿಮಿಷ ಮುಂಚೆ ಹುಟ್ಟುತ್ತವೆ. ವಾರಕ್ಕೆ ಹೆಚ್ಚುಕಡಿಮೆ ಅರ್ಧ ಗಂಟೆ. ಚಂದ್ರ ಒಂದು ವಾರದಲ್ಲಿ ಅಮಾವಾಸ್ಯೆಯಿಂದ ಅರ್ಧಚಂದ್ರಕ್ಕೆ, ಇನ್ನೊಂದು ವಾರದಲ್ಲಿ ಅಲ್ಲಿಂದ ಹುಣ್ಣಿಮೆಗೆ ಬರುತ್ತಾನೆ. ಅಂದರೆ ಆಕಾಶ ಬದಲಾಗಿದೆ ಎಂದು ಸಾಮಾನ್ಯ ಕಣ್ಣಿಗೆ ತಿಳಿಯಲು ಒಂದು ವಾರ ಬೇಕು. ದಿನಾ ವಿಡಿಯೊ ಹಾಕಿದರೆ ಹೇಳಿದ್ದನ್ನೇ ಹೇಳಬೇಕಾಗುತ್ತದೆ. ತಿಂಗಳಿಗೊಂದು ಹಾಕಿದರೆ ಮೋಡ ಕವಿದ ಎರಡು ರಾತ್ರಿಯಲ್ಲಿ ಜನ ಮರೆತುಬಿಡುತ್ತಾರೆ. ಶುಕ್ರವಾರ ಸಂಜೆ ಹಾಕಿದರೆ ಅವತ್ತಿನ ರಾತ್ರಿ ಸಿಗುತ್ತದೆ. ಅವತ್ತು ಮೋಡ ಇದ್ದರೆ ಶನಿವಾರ, ಭಾನುವಾರ ಇದ್ದೇ ಇವೆ. ಗ್ರಹಣವೋ ಉಲ್ಕಾಪಾತವೋ ಇದ್ದರೆ ಅದನ್ನು ಹಿಂದಿನ ಶುಕ್ರವಾರವೇ ಹೇಳುತ್ತೇವೆ, ನಡುವಾರದಲ್ಲಿ ಅವಸರದ ವಿಡಿಯೊ ಇಲ್ಲ. ಆರು ಗಂಟೆ ಎಂದರೆ ಆರು ಗಂಟೆ. ತಡವಾದರೆ ಕತ್ತಲೆ ನಮಗಾಗಿ ಕಾಯುವುದಿಲ್ಲ.

ಉದ್ದ ಚೌಕಟ್ಟಿನ ಆವೃತ್ತಿ, 9:16, ಇದೂ ಇಪ್ಪತ್ತು ಸೆಕೆಂಡು

ಇಲ್ಲಿ ಮುಖದಿಂದಲೇ ಶುರು. ಉದ್ದ ಪರದೆಯಲ್ಲಿ ಕತ್ತಲ ಆಕಾಶ ಮಾತ್ರ ಇಟ್ಟರೆ ವಿಡಿಯೊ ತೆರೆದುಕೊಳ್ಳಲೇ ಇಲ್ಲ ಎಂದುಕೊಂಡು ಜನ ಮುಂದೆ ಸರಿಯುತ್ತಾರೆ.

ಮಾತು: "ಆಕಾಶದಲ್ಲಿ ಸಾಲಾಗಿ ಮೂರು ಚುಕ್ಕಿ ಕಂಡಿದ್ದೀರಾ? ಆ ಗೆರೆಯನ್ನು ಒಂದು ಕಡೆ ಮುಂದುವರಿಸಿ: ಲುಬ್ಧಕ, ರಾತ್ರಿಯ ಅತಿ ಪ್ರಕಾಶದ ನಕ್ಷತ್ರ. ಇನ್ನೊಂದು ಕಡೆ: ಕೆಂಪಗಿನ ರೋಹಿಣಿ. ಕಣ್ಣೇ ಸಾಕಾಯಿತು. ಬರಿಗಣ್ಣ ಬಾನು. ವಾರಕ್ಕೊಂದು ಗುರುತು, ಐದು ನಿಮಿಷ, ನೀವೇ ಹುಡುಕುವಂತೆ. ಶುಕ್ರವಾರ ಸಂಜೆ ಆರಕ್ಕೆ."

ಚಿತ್ರ: "ಮೂರು ಚುಕ್ಕಿ" ಎನ್ನುವಾಗ ನನ್ನ ಮೂರು ಬೆರಳು. "ಒಂದು ಕಡೆ" ಎನ್ನುವಾಗ ಆಕಾಶಕ್ಕೆ ಕಟ್. ಗೆರೆ ಬಿಳಿ, ತೆಳು, ಎರಡು ಸೆಕೆಂಡಿನಲ್ಲಿ ಮಾಯ. ಎಡ, ಬಲ ಎಂದು ನಾನು ಹೇಳುವುದಿಲ್ಲ, ನೀನೂ ಬರೆಯಬೇಡ. ಭೂಮಿಯ ದಕ್ಷಿಣಾರ್ಧದಿಂದ ನೋಡುವವರಿಗೆ ಇದು ತಲೆಕೆಳಗಾಗಿ ಕಾಣುತ್ತದೆ. ಮಹಾವ್ಯಾಧ ಆಕಾಶದ ಸಮಭಾಜಕದ ಮೇಲೇ ಇರುವುದರಿಂದ ಎರಡೂ ಕಡೆಯವರಿಗೆ ಕಾಣುತ್ತಾನೆ. ಮೊದಲ ಶುಕ್ರವಾರಕ್ಕೆ ಅವನನ್ನೇ ಆರಿಸಿದ್ದು ಅದಕ್ಕೆ.

ದನಿ ಇಲ್ಲದೆ ನೋಡುವವರಿಗೆ ಪರದೆಯ ಸಾಲುಗಳು

ಮಿನುಗಿದರೆ ಬಹುಶಃ ನಕ್ಷತ್ರ.
ಮಿನುಗದಿದ್ದರೆ ಬಹುಶಃ ಗ್ರಹ.
ಟೆಲಿಸ್ಕೋಪ್ ಬೇಡ.
ಐದು ನಿಮಿಷ, ಒಂದೇ ಗುರುತು.
ನೀವೇ ಹುಡುಕುತ್ತೀರಿ.
ಶುಕ್ರವಾರ, ಸಂಜೆ 6.

ಒಂದು ಸಲಕ್ಕೆ ಒಂದೇ ಸಾಲು. ಕಪ್ಪು ಹಿನ್ನೆಲೆಗೆ ತಿಳಿ ಹಳದಿ ಅಕ್ಷರ.

ಚಾನೆಲ್ ಪುಟದ ವಿವರಣೆ

ಬರಿಗಣ್ಣ ಬಾನು ರಾತ್ರಿಯ ಆಕಾಶವನ್ನು ಕಣ್ಣಿನಿಂದಲೇ ಓದಲು ಕಲಿಸುವ ಚಾನೆಲ್. ನಕ್ಷತ್ರ, ಗ್ರಹ, ಚಂದ್ರ, ತಲೆಯ ಮೇಲೆ ಹಾದು ಹೋಗುವ ಬಾಹ್ಯಾಕಾಶ ನಿಲ್ದಾಣ, ಹೀಗೆ ಉಪಕರಣ ಇಲ್ಲದೆ ಕಾಣುವುದೆಲ್ಲ ಇಲ್ಲಿದೆ. ಕಾಣದ್ದು ಇಲ್ಲಿಲ್ಲ.

ಪ್ರತಿ ಶುಕ್ರವಾರ ಸಂಜೆ 6ಕ್ಕೆ ಐದು ನಿಮಿಷದ ಒಂದು ವಿಡಿಯೊ. ಪ್ರತಿಯೊಂದರಲ್ಲೂ ಒಂದೇ ಗುರುತು: ಯಾವ ದಿಕ್ಕು, ಎಷ್ಟು ಹೊತ್ತಿಗೆ, ಅದನ್ನು ಬೇರೆಯದರಿಂದ ಹೇಗೆ ಬೇರ್ಪಡಿಸುವುದು. ಆ ಗುರುತು ಕನಿಷ್ಠ ಒಂದು ವಾರ ಕಾಣುವಂಥದ್ದೇ ಆಗಿರುತ್ತದೆ, ಮೋಡ ಬಂದರೂ ಕಾಯಬಹುದು.

ಮೊದಲ ನಾಲ್ಕು ವಾರ: ಮಹಾವ್ಯಾಧನ ಮೂರು ಚುಕ್ಕಿ. ಅಲ್ಲಿಂದ ಲುಬ್ಧಕ, ಅದರ ಬೆಳಕು ನಮ್ಮನ್ನು ತಲುಪಲು ಸುಮಾರು ಎಂಟೂವರೆ ವರ್ಷ ಬೇಕು. ನಂತರ ರೋಹಿಣಿ, ಅದನ್ನು ದಾಟಿದರೆ ಕೃತ್ತಿಕೆಯ ಪುಟ್ಟ ಗೊಂಚಲು. ನಾಲ್ಕನೆಯ ವಾರ ಕೆಂಪು ಆರ್ದ್ರಾ ಮತ್ತು ನೀಲಿ ಛಾಯೆಯ ರೈಜೆಲ್, ನಕ್ಷತ್ರಕ್ಕೂ ಬಣ್ಣ ಇದೆ ಎಂದು ಕಣ್ಣಾರೆ ನೋಡಲು.

ಹೊರಗೆ ಹೋದ ಮೇಲೆ ಇಪ್ಪತ್ತು ನಿಮಿಷ ಫೋನ್ ನೋಡಬೇಡಿ, ನಮ್ಮ ವಿಡಿಯೊ ಸಹ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಅಷ್ಟು ಹೊತ್ತು ಬೇಕು, ಒಂದು ಸಲ ಪರದೆ ಬೆಳಗಿದರೆ ಮತ್ತೆ ಮೊದಲಿಂದ ಶುರು. ಅದಕ್ಕೇ ವಿಡಿಯೊ ಕತ್ತಲಾಗುವ ಮೊದಲೇ ಬರುತ್ತದೆ.