ವಾಷಿಂಗ್ ಮಷೀನ್ ಬಳಸುವವರ ಗಮನಕ್ಕೆ

ನಿಲಯದ ಎಲ್ಲ ನಿವಾಸಿಗಳಿಗೆ,

ಎರಡನೇ ಮಹಡಿಯ ಮಷೀನು ಒಂದು, ಬಳಸುವ ನಾವು 28 ಜನ. ಕಳೆದ ವಾರದ ಸಭೆಯಲ್ಲಿ ಎಲ್ಲರೂ ಕೂತು ಮಾತಾಡಿ ಒಪ್ಪಿದ್ದನ್ನು ಇಲ್ಲಿ ಬರೆದಿದ್ದೇನೆ. ಜೂನ್ 1ರಿಂದ ಇದೇ ನಿಯಮ. ಹುಬ್ಬಳ್ಳಿಯ ಮಳೆ ಹಿಡಿದುಕೊಂಡರೆ ಬಟ್ಟೆ ಒಣಗುವುದೇ ಕಷ್ಟ, ಒಗೆಯುವುದಕ್ಕೂ ಜಗಳ ಬೇಡ.

ಸಮಯ

ಬೆಳಗ್ಗೆ 6ರಿಂದ ರಾತ್ರಿ 9ರವರೆಗೆ, ಗಂಟೆಗೊಂದು ಪಾಳಿ. ಕೊನೆಯ ಪಾಳಿ 8 ಗಂಟೆಯದು. ಆಮೇಲೆ ಯಾರೂ ಹಾಕಬಾರದು, ಏಕೆಂದರೆ ಹಿಂಡುವಾಗ ಬರುವ ಸದ್ದು ಗೋಡೆಯಾಚೆ 204ರಲ್ಲಿ ಮಲಗಿದವರಿಗೆ ನೇರ ತಲೆಗೇ ಬಡಿಯುತ್ತದೆ. ಬಾಗಿಲಿಗೆ ತೂಗುಹಾಕಿದ ಪುಸ್ತಕದಲ್ಲಿ ಹೆಸರು, ಕೊಠಡಿ ಸಂಖ್ಯೆ, ಫೋನ್ ನಂಬರ್ ಬರೆಯಿರಿ. ಹೆಸರು ಬರೆದವರು ಪಾಳಿ ಶುರುವಾಗಿ 15 ನಿಮಿಷವಾದರೂ ಬರದಿದ್ದರೆ ಆ ಪಾಳಿ ಮುಂದೆ ಕಾಯುತ್ತಿರುವವರದ್ದು.

ನಿಜವಾದ ಗೋಳು ಭಾನುವಾರದ್ದು. ಪಾಳಿ 15, ಜನ 28. ಹಾಗಾಗಿ ಒಂದು ಭಾನುವಾರ ಬೆಸ ಸಂಖ್ಯೆಯ ಕೊಠಡಿಗಳು, ಮುಂದಿನ ಭಾನುವಾರ ಸಮ ಸಂಖ್ಯೆಯವು. ಒಬ್ಬರಿಗೆ ಒಂದೇ ಪಾಳಿ. ಉಳಿಯುವ ಒಂದು ಪಾಳಿ ಊರಿಂದ ಬಂದವರಿಗೆ, ಹುಷಾರಿಲ್ಲದವರಿಗೆ. ವಾರದ ದಿನಗಳಲ್ಲಿ 9 ಮತ್ತು 10 ಗಂಟೆಯ ಪಾಳಿ ನೈಟ್ ಡ್ಯೂಟಿ ಮುಗಿಸಿ ಬರುವವರಿಗೆ ಮೀಸಲು. ಹಿಂದಿನ ರಾತ್ರಿ 9ರೊಳಗೆ ಅವರ ಹೆಸರು ಬೀಳದಿದ್ದರೆ ಯಾರು ಬೇಕಾದರೂ ಬರೆದುಕೊಳ್ಳಬಹುದು.

ನಾರ್ಮಲ್‌ನಲ್ಲಿ ಹಾಕಿದರೆ ಸುಮಾರು 50 ನಿಮಿಷ ಹಿಡಿಯುತ್ತದೆ. ನಲ್ಲಿಯಲ್ಲಿ ನೀರು ಸಣ್ಣಗೆ ಬಂದರೆ ಇನ್ನೂ ಹೆಚ್ಚು. ಬಟ್ಟೆ ನೆನೆಹಾಕುವುದು ನಿಮ್ಮ ಬಕೆಟ್‌ನಲ್ಲಿ, ಮಷೀನಿನಲ್ಲಿ ಅಲ್ಲ.

ಜುಂಗು

ಡ್ರಮ್ಮಿನ ಒಳಗೋಡೆಯಲ್ಲಿ ಒಂದು ಬಲೆಚೀಲವಿದೆ. ಬಟ್ಟೆಯಿಂದ ಉದುರಿದ ನೂಲಿನ ಜುಂಗು, ಕೂದಲು ಎಲ್ಲ ಅದರಲ್ಲಿ ಸೇರುತ್ತದೆ. ಅದು ತುಂಬಿದರೆ ಜುಂಗು ಹಿಡಿಯುವುದನ್ನು ಬಿಟ್ಟು ನೀರಿಗೇ ವಾಪಸ್ ಬಿಡುತ್ತದೆ. ಕಪ್ಪು ಲೆಗ್ಗಿಂಗ್ಸ್ ಮೇಲೆ ಬಿಳಿ ಚುಕ್ಕೆಗಳಾಗಿ ಅಂಟುವುದು ಅದೇ. ಪೌಡರ್ ಬದಲಿಸಿದರೆ ಹೋಗುವುದಿಲ್ಲ.

ಆದ್ದರಿಂದ ನಿಮ್ಮ ಬಟ್ಟೆ ತೆಗೆದ ಕೂಡಲೇ ಬಲೆಯನ್ನೂ ತೆಗೆಯಿರಿ. ಮೇಲಿನ ಕೊಂಡಿ ಒತ್ತಿದರೆ ಬಿಚ್ಚಿಕೊಳ್ಳುತ್ತದೆ. ಚೀಲವನ್ನು ಒಳಮುಖ ಹೊರಗೆ ಮಾಡಿ, ಒದ್ದೆ ಜುಂಗನ್ನು ಬೆರಳಲ್ಲಿ ಉಂಡೆಯಂತೆ ಎತ್ತಿ ಕಸದ ಬುಟ್ಟಿಗೆ ಹಾಕಿ. ಸಿಂಕಿಗೆ ಬೇಡ, ಪೈಪು ಕಟ್ಟಿಕೊಳ್ಳುತ್ತದೆ. ಆಮೇಲೆ ನಲ್ಲಿ ಕೆಳಗೆ ತೊಳೆದು, ಟಕ್ ಎನ್ನುವವರೆಗೆ ಒತ್ತಿ ಕೂರಿಸಿ. ಬಲೆ ಹರಿದಿದ್ದು ಕಂಡರೆ ಅವತ್ತೇ ತಿಳಿಸಿ. ಹೊಸ ಟವೆಲ್ ಮತ್ತು ಉಣ್ಣೆ ಬಟ್ಟೆಯನ್ನು ಬೇರೆ ಬಟ್ಟೆಯ ಜೊತೆ ಹಾಕಬೇಡಿ. ಜೇಬಿನಲ್ಲಿ ಟಿಶ್ಯೂ, ಬಸ್ ಟಿಕೆಟ್, ಕೂದಲ ಪಿನ್ ಉಳಿದಿದೆಯೇ ನೋಡಿಕೊಳ್ಳಿ.

ಮುಗಿದ ಬಟ್ಟೆ

ಮನಸ್ತಾಪ ಹೆಚ್ಚಾಗಿ ಹುಟ್ಟುವುದು ಇಲ್ಲೇ. ಮಷೀನ್ ನಿಂತಿರುತ್ತದೆ, ಒಳಗೆ ಯಾರದೋ ಬಟ್ಟೆ. ಮುಟ್ಟಿದರೆ ಏನೆಂದುಕೊಳ್ಳುತ್ತಾರೋ ಎಂದು ಕಾಯುವವರು ಒಬ್ಬರು, ಎತ್ತಿ ನೆಲದ ಮೇಲೆ ಹಾಕಿ ಹೋಗುವವರು ಇನ್ನೊಬ್ಬರು. ಎರಡೂ ಬೇಡ.

ಮಷೀನ್ ಹಾಕಿದವರು ಫೋನಿನಲ್ಲಿ ಅಲಾರ್ಮ್ ಇಟ್ಟುಕೊಳ್ಳಿ. ಪಾಳಿ ಮುಗಿಯುವುದರೊಳಗೆ ಬಟ್ಟೆ ಹೊರಗಿರಬೇಕು. ಬರದಿದ್ದರೆ ಮುಂದಿನವರು ಪುಸ್ತಕದಲ್ಲಿರುವ ನಂಬರಿಗೆ ಒಂದು ಕರೆ ಮಾಡಿ, 10 ನಿಮಿಷ ಕಾಯಲಿ. ಆಮೇಲೂ ಬರದಿದ್ದರೆ ಬಟ್ಟೆ ತೆಗೆಯಬಹುದು. ಸಭೆಯಲ್ಲಿ ಎಲ್ಲರೂ ಇದಕ್ಕೆ ಮೊದಲೇ ಒಪ್ಪಿಗೆ ಕೊಟ್ಟಿರುವುದರಿಂದ ತೆಗೆದವರನ್ನು ಯಾರೂ ಪ್ರಶ್ನಿಸುವಂತಿಲ್ಲ. ಆದರೆ ತೆಗೆಯುವವರ ಕೈ ಒಣಗಿ, ಶುಚಿಯಾಗಿರಲಿ. ಬಟ್ಟೆ ಹೋಗಬೇಕಾದ್ದು ಪಕ್ಕದ ನೀಲಿ ಬುಟ್ಟಿಗೆ. ನೆಲಕ್ಕಲ್ಲ, ಮಷೀನಿನ ಮೇಲಲ್ಲ. ಬುಟ್ಟಿಯ ಚೀಟಿಯಲ್ಲಿ ಕೊಠಡಿ ಸಂಖ್ಯೆ ಬರೆಯಿರಿ. ಒಳಉಡುಪನ್ನು ಜಿಪ್ ಇರುವ ಬಲೆಚೀಲದಲ್ಲಿ ಹಾಕಿಯೇ ಒಗೆಯಿರಿ, ಆಗ ಯಾರ ಕೈ ತಾಗಿದರೂ ಇಬ್ಬರಿಗೂ ಮುಜುಗರವಿಲ್ಲ.

ನೀಲಿ ಬುಟ್ಟಿಯಲ್ಲೂ ಬಟ್ಟೆ ಇಡೀ ದಿನ ಬಿದ್ದಿರಬಾರದು. ಒದ್ದೆ ಬಟ್ಟೆ ಮುದ್ದೆಯಾಗಿ ಕೂತರೆ ಮುಗ್ಗಲು ವಾಸನೆ ಹಿಡಿಯುತ್ತದೆ, ಮತ್ತೆ ಒಗೆಯದೆ ಹೋಗುವುದಿಲ್ಲ. ಮತ್ತೆ ಒಗೆಯಲು ಇನ್ನೊಂದು ಪಾಳಿ ಬೇಕು, ಅದು ಇನ್ಯಾರದೋ ಪಾಳಿ. ಕೆಲಸದಲ್ಲಿ ಸಿಕ್ಕಿಕೊಂಡಿದ್ದರೆ ರೂಮ್‌ಮೇಟ್‌ಗೆ ಹೇಳಿ ತೆಗೆಸಿ. ಇನ್ನೊಬ್ಬರ ಬಟ್ಟೆಯನ್ನು ಮಹಡಿಯ ತಂತಿಗೆ ಹರವಿ ಹಾಕುವ ಜವಾಬ್ದಾರಿ ಯಾರ ಮೇಲೂ ಇಲ್ಲ. ಹಾಕಿದರೆ ಅವರ ದೊಡ್ಡ ಮನಸ್ಸು, ಒಂದು ಮೆಸೇಜ್ ಮಾಡಿ ತಿಳಿಸಿದರೆ ಸಾಕು.

ಉಳಿದದ್ದು

ಡ್ರಮ್ ಮುಕ್ಕಾಲು ಭಾಗ ತುಂಬಿದರೆ ಸಾಕು, ತುರುಕಬೇಡಿ. ಟಾಪ್ ಲೋಡ್ ಪೌಡರ್ ಮಾತ್ರ ಬಳಸಿ. ಹಿಂಡುವಾಗ ನಿಂತು `UE` ಎಂದು ತೋರಿಸಿದರೆ ಬಟ್ಟೆ ಒಂದೇ ಕಡೆ ಗುಡ್ಡೆಯಾಗಿದೆ ಎಂದರ್ಥ. ಮುಚ್ಚಳ ತೆಗೆದು ಸುತ್ತ ಸಮನಾಗಿ ಹರಡಿ, ಮುಚ್ಚಿ, ಮತ್ತೆ ಸ್ಟಾರ್ಟ್ ಒತ್ತಿ. ನೀರು ಸೋರಿದರೆ ಅಥವಾ ಸುಟ್ಟ ವಾಸನೆ ಬಂದರೆ ಗೋಡೆಯ ಸ್ವಿಚ್ ಆರಿಸಿ, ನಲ್ಲಿ ಬಂದ್ ಮಾಡಿ, ವಾರ್ಡನ್ ಮೇಡಂಗೆ ಹೇಳಿ. ಕೈ ಒದ್ದೆಯಿದ್ದಾಗ ಪ್ಲಗ್ ಮುಟ್ಟಲೇಬೇಡಿ.

ಪುಸ್ತಕದ ಹಾಳೆ, ಚೀಟಿ, ಪೆನ್ ಮುಗಿದರೆ 207ಕ್ಕೆ ಬನ್ನಿ.

ನಿವಾಸಿಗಳ ಪರವಾಗಿ,
ಎರಡನೇ ಮಹಡಿ ಪ್ರತಿನಿಧಿ, ಕೊಠಡಿ 207