ಸಂಶೋಧನಾ ವಿಷಯ ಮತ್ತು ಮಾರ್ಗದರ್ಶಕರ ಬದಲಾವಣೆಗಾಗಿ ಮನವಿ

ಸುಂಟಿಕೊಪ್ಪ
10 ನವೆಂಬರ್ 2025

ಇವರಿಂದ,
ಪವಿತ್ರಾ
ಪೂರ್ಣಾವಧಿ ಪಿಎಚ್‌ಡಿ ವಿದ್ಯಾರ್ಥಿನಿ, ಕನ್ನಡ ವಿಭಾಗ

ಇವರಿಗೆ,
ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರು
ಡಾಕ್ಟರಲ್ ಸಮಿತಿ, ಕನ್ನಡ ವಿಭಾಗ

ಮಾನ್ಯರೇ,

ನಾನು ಆಗಸ್ಟ್ 2023ರಲ್ಲಿ ‘ಕೊಡಗಿನ ಜನಪದ ಹಾಡುಗಳ ಛಂದಸ್ಸು’ ಎಂಬ ವಿಷಯದಲ್ಲಿ ಪಿಎಚ್‌ಡಿಗೆ ನೋಂದಣಿ ಮಾಡಿಸಿಕೊಂಡಿದ್ದೇನೆ. ಕೋರ್ಸ್‌ವರ್ಕ್ ಮುಗಿದಿದೆ. ಈಗ ನನ್ನ ವಿಷಯವನ್ನು ‘ಕೊಡಗಿನ ಕಾಫಿ ತೋಟಗಳ ಕೆಲಸದ ಮಾತು’ ಎಂದು ಬದಲಿಸಿಕೊಳ್ಳಲು ಅನುಮತಿ ಕೊಡಬೇಕು, ಅದಕ್ಕೆ ತಕ್ಕಂತೆ ಬೇರೆ ಮಾರ್ಗದರ್ಶಕರನ್ನು ನೇಮಿಸಿಕೊಡಬೇಕು ಎಂದು ತಮ್ಮನ್ನು ಕೇಳಿಕೊಳ್ಳುತ್ತಿದ್ದೇನೆ. ಸಲಹಾ ಸಮಿತಿಗೆ ನನ್ನ ಮಾರ್ಗದರ್ಶಕರೇ ಸಂಚಾಲಕರು. ಅವರಿಗೆ ಸಂಬಂಧಿಸಿದ ಮನವಿಯನ್ನು ಅವರ ಮುಂದೆಯೇ ಇಟ್ಟು ಅವರನ್ನು ಇಕ್ಕಟ್ಟಿಗೆ ಸಿಲುಕಿಸುವುದು ಸರಿಯಲ್ಲ ಅನ್ನಿಸಿ ನೇರವಾಗಿ ತಮಗೆ ಬರೆಯುತ್ತಿದ್ದೇನೆ. ಇದರ ಒಂದು ಪ್ರತಿಯನ್ನು ನಿನ್ನೆಯೇ ಅವರ ಕೈಗೆ ಕೊಟ್ಟಿದ್ದೇನೆ. ಅವರಿಗೆ ತಿಳಿಯದ ಹಾಗೆ ಏನನ್ನೂ ಮಾಡುತ್ತಿಲ್ಲ.

ಇದು ಅವರ ಮೇಲಿನ ದೂರಲ್ಲ. ಷಟ್ಪದಿಯನ್ನು ಬಾಯಿಬಿಟ್ಟು ಓದಲು ನನಗೆ ಕಲಿಸಿದವರು ಅವರು. ಮಾತ್ರೆ ಎಣಿಸುವುದಕ್ಕೆ ಮೊದಲು ಕಿವಿಯಿಂದ ಕೇಳಬೇಕು ಎಂದು ಮೊದಲ ತಿಂಗಳೇ ಹೇಳಿದ್ದರು. ಆ ಮಾತು ಈಗಲೂ ನನ್ನ ಜೊತೆ ಇದೆ. ನಿಜ ಹೇಳಬೇಕೆಂದರೆ, ಹಾಗೆ ಕೇಳುತ್ತಾ ಹೋಗಿದ್ದರಿಂದಲೇ ನನ್ನ ವಿಷಯ ಬದಲಾಯಿತು.

ನೋಂದಣಿಯ ಸಮಯದಲ್ಲಿ ನಾನು ಛಂದಸ್ಸನ್ನು ಆರಿಸಿಕೊಂಡಿದ್ದಕ್ಕೆ ಎರಡು ಕಾರಣಗಳಿದ್ದವು. ಹಾಡುಗಳ ಮೇಲೆ ಪ್ರೀತಿ ಇತ್ತು. ಅವರ ಬಳಿ ಒಂದು ಜಾಗ ಖಾಲಿ ಇತ್ತು. ಎರಡನೆಯ ಕಾರಣವೇ ಜಾಸ್ತಿ ಕೆಲಸ ಮಾಡಿತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಕೊಡವ ಹಾಡುಗಳ ಸಂಗ್ರಹ 1924ರಲ್ಲೇ ‘ಪಟ್ಟೋಲೆ ಪಳಮೆ’ಯಾಗಿ ಅಚ್ಚಾಗಿದೆ. ಆದ್ದರಿಂದ ನಾನು ತೋಟದ ಲೈನ್ ಮನೆಗಳಲ್ಲಿ ಉಳಿದಿರುವ ಹಾಡುಗಳನ್ನು ಹುಡುಕಲು ಹೊರಟೆ. ಸುಂಟಿಕೊಪ್ಪ, ಸಿದ್ದಾಪುರ, ಪಾಲಿಬೆಟ್ಟ ಈ ಮೂರೂ ಕಡೆ ಓಡಾಡಿದೆ. ಒಟ್ಟು 46 ಗಂಟೆಗಳ ಧ್ವನಿಮುದ್ರಣ ಮಾಡಿದ್ದೇನೆ. ಅದರಲ್ಲಿ ಹಾಡು ಅಂತ ಇರುವುದು ಏಳು ಗಂಟೆಗೂ ಕಡಿಮೆ. ಅದರಲ್ಲೂ ಅರ್ಧದಷ್ಟು ಸಿನಿಮಾ ಹಾಡುಗಳ ಧಾಟಿ.

ಸಿದ್ದಾಪುರದ ಬಳಿ ಒಂದು ಲೈನ್‌ನಲ್ಲಿ ಒಬ್ಬ ಅಜ್ಜಿಯನ್ನು ಮೂರು ಸಲ ಕಂಡೆ. ಮೂರನೇ ಸಲ ಅವರು, ‘ಹಾಡೆಲ್ಲ ಮರೆತುಹೋಗಿದೆ ಮಗಳೇ, ಕೆಲಸ ಕೇಳು, ಹೇಳ್ತೀನಿ’ ಅಂದರು. ಸುಮ್ನೆ ಕೇಳಿದೆ. ಒಂದು ಗಂಟೆ ಇಪ್ಪತ್ತು ನಿಮಿಷ ಮಾತಾಡಿದರು. ಕಪಾತು ಮಾಡುವಾಗ ಯಾವ ಕೊಂಬೆಯನ್ನು ಏನೆಂದು ಕರೆಯುತ್ತಿದ್ದರು, ಮಳೆಗಾಲಕ್ಕೆ ಮೊದಲು ನೆರಳಿನ ಮರಗಳ ಕೊಂಬೆ ಕಡಿಯುವ ಮರಗಸಿಯವರು ಮೇಲಿನಿಂದ ಏನೆಂದು ಕೂಗುತ್ತಿದ್ದರು, ಹಣ್ಣು ಕೊಯ್ಯುವಾಗ ಕಾಯಿ ಬಿದ್ದರೆ ಮೇಸ್ತ್ರಿ ಯಾವ ಮಾತಿನಲ್ಲಿ ಬೈಯುತ್ತಿದ್ದರು, ಸಂಜೆ ತೂಕಕ್ಕೆ ನಿಂತಾಗ ರೈಟರ್ ಬಳಿ ಹೆಂಗಸರು ಏನು ಹೇಳಿ ಚೌಕಾಸಿ ಮಾಡುತ್ತಿದ್ದರು, ಎಲ್ಲವನ್ನೂ ಹೇಳಿದರು. ಅವರ ಮನೆಮಾತು ತಮಿಳು. ಪಕ್ಕದ ಮನೆಯವರದ್ದು ಮಲಯಾಳಂ. ಆದರೆ ಕೆಲಸದ ಮಾತು ಬಂದ ಕೂಡಲೇ ಇಬ್ಬರೂ ಒಂದೇ ಪದ ಹೇಳುತ್ತಿದ್ದರು. ಅದು ಪೂರ್ತಿ ತಮಿಳೂ ಅಲ್ಲ, ಮಲಯಾಳವೂ ಅಲ್ಲ, ಕನ್ನಡವೂ ಅಲ್ಲ.

ನನಗೆ ಅದು ಹೊಸದಾಗಿ ಕೇಳಿಸಲಿಲ್ಲ, ಅದಕ್ಕೇ ಇಷ್ಟು ದಿನ ಗಮನಿಸಿರಲಿಲ್ಲ. ನಾನು ಲೈನ್ ಮನೆಯಲ್ಲೇ ಬೆಳೆದವಳು. ಅಮ್ಮ ಈಗಲೂ ಕೊಯ್ಲಿಗೆ ಹೋಗುತ್ತಾರೆ. ನಮ್ಮ ಮನೆಯಲ್ಲಿ ತುಳು, ನೀರು ಹಿಡಿಯುವಲ್ಲಿ ತಮಿಳು ಮತ್ತು ಮಲಯಾಳಂ, ಶಾಲೆಯಲ್ಲಿ ಕನ್ನಡ. ತೋಟದ ಧಣಿಗಳ ಮನೆಯಲ್ಲಿ ಕೊಡವ ತಕ್ಕ್, ಅಂಗಡಿಯಲ್ಲಿ ಅರೆಭಾಷೆ, ತೋಟದಲ್ಲಿ ಜೊತೆಗೆ ಕೆಲಸ ಮಾಡುವ ಎರವರಲ್ಲಿ ಅವರದ್ದೇ ಮಾತು. ಇಷ್ಟೂ ಮಾತುಗಳ ನಡುವೆ ಕೆಲಸ ಮಾತ್ರ ದಿನವೂ ನಿಲ್ಲದೆ ನಡೆಯಬೇಕಿತ್ತು. ಅದಕ್ಕಾಗಿ ಜನ ತಾವೇ ಒಂದು ಮಾತನ್ನು ಕಟ್ಟಿಕೊಂಡರು. ಪಲ್ಪರ್, ಬೋರರ್, ಪಾರ್ಚ್‌ಮೆಂಟ್, ಚೆರ್ರಿ ಎಂಬ ಇಂಗ್ಲಿಷ್ ಪದಗಳು ಅದರೊಳಗೆ ಬಂದು ಬೇರೆ ಬೇರೆ ಬಾಯಿಗಳಲ್ಲಿ ಬೇರೆ ಬೇರೆ ಆಕಾರ ಪಡೆದಿವೆ. ಕಾಫಿ ಹೂ ಅರಳಿಸುವ ಮಳೆಗೆ ಹೇಳುವ ಹೂಮಳೆ ಎಂಬಂಥ ಪದದಲ್ಲಿ ಒಂದಿಡೀ ವರ್ಷದ ಲೆಕ್ಕವಿದೆ. ಮಾರ್ಚ್‌ನಲ್ಲಿ ಆ ಮಳೆ ಬರದಿದ್ದರೆ ಮುಂದಿನ ಬೆಳೆಯೇ ಇಲ್ಲ, ಅಲ್ವಾ?

ಈ ಮಾತು ಈಗ ಬೇಗ ಬದಲಾಗುತ್ತಿದೆ. ನನ್ನ ಆತುರ ಇರುವುದೂ ಅಲ್ಲೇ. ಕಾಂಡಕೊರಕದ ಕಾಟಕ್ಕೆ ಅರೇಬಿಕಾ ಬಿಟ್ಟು ರೋಬಸ್ಟಾ ಹಾಕಿದವರು ನಾನು ಓಡಾಡಿದ ತೋಟಗಳಲ್ಲೇ ಹಲವರು. ರೋಬಸ್ಟಾವನ್ನು ಹೆಚ್ಚಾಗಿ ಹಣ್ಣಿನ ಸಮೇತ ಕಣದಲ್ಲಿ ಒಣಗಿಸುತ್ತಾರೆ. ಹಾಗಾಗಿ ಹಣ್ಣಿನ ಸಿಪ್ಪೆ ಬಿಡಿಸಿ, ಲೋಳೆ ಹೋಗುವವರೆಗೆ ತೊಟ್ಟಿಯಲ್ಲಿ ಇಟ್ಟು, ತೊಳೆದು ಒಣಗಿಸುವ ಕೆಲಸ ಆ ತೋಟಗಳಲ್ಲಿ ನಿಂತಿದೆ. ಕೆಲಸ ನಿಂತಲ್ಲಿ ಅದರ ಪದಗಳೂ ನಿಲ್ಲುತ್ತವೆ. ಕಳೆ ಕೊಚ್ಚಲು ಮೆಷಿನ್ ಬಂದಿದೆ. ಅಸ್ಸಾಂನಿಂದ ಬಂದ ಹುಡುಗರೊಂದಿಗೆ ಮೇಸ್ತ್ರಿಗಳು ಹಿಂದಿಯಲ್ಲಿ ಮಾತಾಡಲು ಕಲಿತಿದ್ದಾರೆ. ಇದರಲ್ಲಿ ತಪ್ಪೇನೂ ಇಲ್ಲ. ಹೊಸಬರ ಮಾತೂ ಈ ತೋಟದ ಮಾತೇ ಆಗುತ್ತದೆ, ಅದನ್ನೂ ನಾನು ದಾಖಲಿಸಬೇಕು. ಆದರೆ ಹಳೆಯ ಮಾತನ್ನು ಪೂರ್ತಿ ಬಲ್ಲವರು ಈಗ ಎಪ್ಪತ್ತು ದಾಟಿದ್ದಾರೆ. ನಾನು ಧ್ವನಿಮುದ್ರಣ ಮಾಡಿಕೊಂಡವರಲ್ಲಿ ಇಬ್ಬರು ಈ ವರ್ಷ ತೀರಿಕೊಂಡರು.

ಇದನ್ನೆಲ್ಲ ನನ್ನ ಮಾರ್ಗದರ್ಶಕರ ಮುಂದೆ ಕಳೆದ ಫೆಬ್ರವರಿಯಲ್ಲೇ ಹೇಳಿದೆ. ಅವರು ಸಮಾಧಾನವಾಗಿ ಕೇಳಿದರು. ‘ಇದು ಒಳ್ಳೆಯ ವಿಷಯ, ಆದರೆ ನನ್ನ ಕ್ಷೇತ್ರ ಅಲ್ಲ. ಒಂದೂವರೆ ವರ್ಷ ಆದಮೇಲೆ ವಿಷಯ ಬದಲಿಸಿದರೆ ನಿನಗೇ ಕಷ್ಟ’ ಎಂದರು. ಅವರ ಆತಂಕ ನ್ಯಾಯವಾದದ್ದು. ಆಮೇಲೆ ನಾನು ಹಳೆಯ ವಿಷಯವನ್ನೇ ಹಿಡಿದು ಒಂದು ಅಧ್ಯಾಯ ಬರೆದು ಏಪ್ರಿಲ್‌ನಲ್ಲಿ ಕೊಟ್ಟೆ. ಅದು ಇನ್ನೂ ನನಗೆ ವಾಪಸ್ ಬಂದಿಲ್ಲ. ಜುಲೈನಲ್ಲಿ ಆಗಬೇಕಿದ್ದ ಪ್ರಗತಿ ವರದಿಯ ಸಭೆಯೂ ಮುಂದಕ್ಕೆ ಹೋಗಿದೆ. ಅವರಿಗೆ ಬೇರೆ ಜವಾಬ್ದಾರಿಗಳು ತುಂಬಾ ಇವೆ ಎಂಬುದು ನನಗೆ ಗೊತ್ತು. ನನ್ನ ಅಧ್ಯಾಯದಲ್ಲೂ ಜೀವ ಇರಲಿಲ್ಲ, ಅದನ್ನು ಬರೆಯುವಾಗಲೇ ನನಗೆ ತಿಳಿದಿತ್ತು. ಈ ವಿಳಂಬವನ್ನು ತಮ್ಮ ಗಮನಕ್ಕೆ ತರುವುದು ಯಾರ ಮೇಲೂ ತಪ್ಪು ಹೊರಿಸಲು ಅಲ್ಲ. ಆರು ತಿಂಗಳಿಗೂ ಹೆಚ್ಚು ಕಾಲ ನನ್ನ ಕೆಲಸ ನಿಂತಲ್ಲೇ ನಿಂತಿದೆ, ಅದನ್ನು ಮುಚ್ಚಿಟ್ಟು ಬರೆದರೆ ಈ ಮನವಿ ಅರ್ಧ ಸತ್ಯವಾಗುತ್ತದೆ.

ಮಾರ್ಗದರ್ಶಕರ ಬದಲಾವಣೆಗೆ ತಮ್ಮ ಅಡ್ಡಿ ಇಲ್ಲ ಎಂದು ಅವರು ಸೆಪ್ಟೆಂಬರ್‌ನಲ್ಲಿ ಬಾಯಿಮಾತಿನಲ್ಲಿ ಹೇಳಿದ್ದಾರೆ. ನಿರಾಕ್ಷೇಪಣಾ ಪತ್ರ ಇನ್ನೂ ಕೈಗೆ ಸಿಕ್ಕಿಲ್ಲ. ಎರಡು ಸಲ ನೆನಪಿಸಿದ್ದೇನೆ. ಮತ್ತೆ ಮತ್ತೆ ಕೇಳಿ ಅವರಿಗೆ ಬೇಸರ ತರಿಸಲು ಮನಸ್ಸು ಬರುತ್ತಿಲ್ಲ. ಸಮಿತಿಯೇ ಅವರೊಂದಿಗೆ ಒಮ್ಮೆ ಮಾತಾಡಿ ಅವರ ಅಭಿಪ್ರಾಯವನ್ನು ಬರಹದಲ್ಲಿ ಪಡೆದುಕೊಂಡರೆ ಇಬ್ಬರಿಗೂ ಗೌರವ ಉಳಿಯುತ್ತದೆ.

ನಮ್ಮ ವಿಭಾಗದಲ್ಲೇ ಉಪಭಾಷೆಗಳ ಮೇಲೆ ಕೆಲಸ ಮಾಡುವ ಸಹ ಪ್ರಾಧ್ಯಾಪಕರೊಬ್ಬರು ನನಗೆ ಮಾರ್ಗದರ್ಶನ ಮಾಡಲು ಒಪ್ಪಿದ್ದಾರೆ. ಸಹ ಪ್ರಾಧ್ಯಾಪಕರು ಆರು ವಿದ್ಯಾರ್ಥಿಗಳವರೆಗೆ ತೆಗೆದುಕೊಳ್ಳಬಹುದು. ಅವರ ಬಳಿ ಈಗ ನಾಲ್ವರಿದ್ದಾರೆ. ನನ್ನ ಧ್ವನಿಮುದ್ರಣಗಳಲ್ಲಿ ಮೂರನ್ನು ಕೇಳಿ, ಪದಗಳನ್ನು ಬರೆದುಕೊಳ್ಳುವ ಕ್ರಮದಲ್ಲಿ ನಾನು ಮಾಡಿದ ತಪ್ಪುಗಳನ್ನು ಆಗಲೇ ತೋರಿಸಿಕೊಟ್ಟಿದ್ದಾರೆ. ಉಚ್ಚಾರವನ್ನು ಕನ್ನಡ ಲಿಪಿಯಲ್ಲಷ್ಟೇ ಬರೆದರೆ ಸಾಲದು, ಧ್ವನಿಲಿಪಿಯಲ್ಲೂ ಬರೆಯಬೇಕು ಎಂದಿದ್ದಾರೆ. ಅದನ್ನು ಕಲಿಯಲು ಶುರು ಮಾಡಿದ್ದೇನೆ.

ಸಮಯದ ಪ್ರಶ್ನೆಯನ್ನು ತಾವು ಕೇಳೇ ಕೇಳುತ್ತೀರಿ. ಯುಜಿಸಿಯ 2022ರ ನಿಯಮದಂತೆ ನನಗೆ ಆರು ವರ್ಷಗಳ ಅವಧಿ ಇದೆ, ಅಂದರೆ ಆಗಸ್ಟ್ 2029ರವರೆಗೆ. ಹೆಚ್ಚುವರಿ ಅವಧಿ ಕೇಳುವ ಉದ್ದೇಶ ನನಗಿಲ್ಲ. ಕೋರ್ಸ್‌ವರ್ಕ್ ಹಾಗೇ ಉಳಿಯುತ್ತದೆ. 46 ಗಂಟೆಗಳಲ್ಲಿ 19 ಗಂಟೆಗಳಷ್ಟು ಹೊಸ ವಿಷಯಕ್ಕೆ ನೇರವಾಗಿ ಬೇಕಾದದ್ದೇ. ಮಾತಾಡಿದವರೆಲ್ಲರ ಒಪ್ಪಿಗೆಯನ್ನು ಆಗಲೇ ಪಡೆದಿದ್ದೆ. ವಿಷಯ ಬದಲಾದರೆ ಮತ್ತೊಮ್ಮೆ ಹೋಗಿ, ಏನು ಬದಲಾಯಿತು ಎಂದು ಹೇಳಿ, ಹೊಸದಾಗಿ ಒಪ್ಪಿಗೆ ಪಡೆಯುತ್ತೇನೆ. ಛಂದಸ್ಸಿನ ಕೆಲಸದಲ್ಲಿ ಕಳೆದುಹೋಗುವುದು ಆ ಒಂದು ಅಧ್ಯಾಯ ಮಾತ್ರ.

ಒಂದು ವಿಷಯದಲ್ಲಿ ಮಾತ್ರ ಬೇಗ ತೀರ್ಮಾನ ಬೇಕು ಎಂದು ಬೇಡಿಕೊಳ್ಳುತ್ತೇನೆ. ಅರೇಬಿಕಾ ಕೊಯ್ಲು ಈಗ ಶುರುವಾಗುತ್ತದೆ. ರೋಬಸ್ಟಾ ಮುಗಿಯುವಾಗ ಮಾರ್ಚ್ ಬರುತ್ತದೆ. ಕೆಲಸದ ಮಾತನ್ನು ಕೆಲಸದ ಹೊತ್ತಲ್ಲೇ ಕೇಳಬೇಕು. ಮನೆಯಲ್ಲಿ ಕೂರಿಸಿ ಕೇಳಿದರೆ ಜನ ಪದಗಳನ್ನು ತಿದ್ದಿ ಹೇಳುತ್ತಾರೆ. ಈ ಕೊಯ್ಲು ತಪ್ಪಿದರೆ ನನಗೆ ಮುಂದಿನ ನವೆಂಬರ್‌ವರೆಗೆ ಕಾಯಬೇಕಾಗುತ್ತದೆ. ಪೂರ್ತಿ ತೀರ್ಮಾನಕ್ಕೆ ಸಮಯ ಹಿಡಿಯುವುದಾದರೆ, ಈ ಹಂಗಾಮಿನಲ್ಲಿ ಕ್ಷೇತ್ರಕಾರ್ಯ ಮುಂದುವರಿಸಲು ತಾತ್ಕಾಲಿಕ ಅನುಮತಿಯನ್ನಾದರೂ ಕೊಡಬೇಕು. ಸಮಿತಿ ಕರೆದ ದಿನ ಬಂದು ಧ್ವನಿಮುದ್ರಣಗಳನ್ನು ಕೇಳಿಸಲು, ಪ್ರಶ್ನೆಗಳಿಗೆ ಉತ್ತರಿಸಲು ಸಿದ್ಧಳಿದ್ದೇನೆ.

ಕೊನೆಯದಾಗಿ ಇನ್ನೊಂದು ಕೋರಿಕೆ. ಸಾಧ್ಯವಾದರೆ ನನ್ನ ಈಗಿನ ಮಾರ್ಗದರ್ಶಕರು ಸಲಹಾ ಸಮಿತಿಯ ಸದಸ್ಯರಾಗಿ ಉಳಿಯುವಂತೆ ಕೇಳಬೇಕು. ಮೇಸ್ತ್ರಿಗಳ ಕೂಗಿಗೂ, ಮರಗಸಿಯವರ ಕರೆಗೂ ಒಂದು ಲಯ ಇದೆ. ಅದನ್ನು ಅಳೆಯಲು ಅವರಷ್ಟು ಬಲ್ಲವರು ನನಗೆ ಬೇರೆ ಸಿಗುವುದಿಲ್ಲ.

ತಮ್ಮ ವಿಶ್ವಾಸಿ,
ಪವಿತ್ರಾ

ಲಗತ್ತು: ಹೊಸ ವಿಷಯದ ನಾಲ್ಕು ಪುಟಗಳ ಪ್ರಸ್ತಾವ, ಸಹ ಪ್ರಾಧ್ಯಾಪಕರ ಒಪ್ಪಿಗೆ ಪತ್ರ, ಕೋರ್ಸ್‌ವರ್ಕ್ ಅಂಕಪಟ್ಟಿಯ ಪ್ರತಿ, ಧ್ವನಿಮುದ್ರಣಗಳ ವಿವರ.
ಪ್ರತಿ: ನನ್ನ ಮಾರ್ಗದರ್ಶಕರಿಗೆ, ಗೌರವದೊಂದಿಗೆ.